ಸತ್ಯವೊಂದೇ ಸಾಲದು ಎನ್ನುವ ಕಾನೂನು



ಮಠದ ಜಮೀನಿನ ಬಗ್ಗೆ, ವಿದ್ಯಾಸಂಸ್ಥೆಯ ಡೊನೇಶನ್ ಬಗ್ಗೆ, ಪ್ರಸಾದ ನಿಲಯದ ಲೆಕ್ಕದ ಬಗ್ಗೆ ಯಾರಾದರೂ ಒಂದು ಪ್ರಶ್ನೆ ಎತ್ತಿದರೆ ಸಾಕು, ಉತ್ತರದ ಬದಲು ವಕೀಲರ ನೋಟಿಸು ಬರುತ್ತದೆ. "ಹದಿನೈದು ದಿನದೊಳಗೆ ಬೇಷರತ್ ಕ್ಷಮೆ ಕೇಳತಕ್ಕದ್ದು, ತಪ್ಪಿದಲ್ಲಿ ಸಿವಿಲ್ ಹಾಗೂ ಕ್ರಿಮಿನಲ್ ಕ್ರಮ ಜರುಗಿಸಲಾಗುವುದು" ಎಂಬುದು ಅದರ ಕೊನೆಯ ಸಾಲು. ನೋಟಿಸು ಪಡೆದವನು ಹೆದರಿ ಊರಿನ ಹಿರಿಯರ ಬಳಿ ಹೋದರೆ ಅವರು ಹೇಳುವುದು ಒಂದೇ ಮಾತು: "ನೀನು ಬರೆದದ್ದು ಸತ್ಯ ತಾನೇ? ಹಾಗಿದ್ದರೆ ಭಯವೇಕೆ?"

ಈ ಸಮಾಧಾನ ಅರ್ಧ ಮಾತ್ರ ನಿಜ. ನಮ್ಮ ದೇಶದಲ್ಲಿ ಮಾನಹಾನಿಗೆ ಎರಡು ಬಾಗಿಲು. ಸಿವಿಲ್ ನ್ಯಾಯಾಲಯದಲ್ಲಿ ಅದು ಒಬ್ಬರಿಗೆ ಇನ್ನೊಬ್ಬರು ಮಾಡಿದ ಹಾನಿ, ಪರಿಹಾರ ಹಣದಲ್ಲಿ. ಕ್ರಿಮಿನಲ್ ನ್ಯಾಯಾಲಯದಲ್ಲಿ ಅದು ಅಪರಾಧ, ಶಿಕ್ಷೆ ಎರಡು ವರ್ಷದವರೆಗಿನ ಸಾದಾ ಸೆರೆವಾಸ. ಮೊದಲ ಬಾಗಿಲಲ್ಲಿ ಸತ್ಯವನ್ನು ಸಾಬೀತು ಮಾಡಿದವನು ಗೆದ್ದ. ಎರಡನೆಯದರಲ್ಲಿ ಸತ್ಯವನ್ನು ಸಾಬೀತು ಮಾಡಿದ ಮೇಲೂ ಅವನು ಇನ್ನೊಂದು ಪರೀಕ್ಷೆ ಕೊಡಬೇಕು. ಆ ಸತ್ಯವನ್ನು ಹೇಳಿದ್ದರಿಂದ ಸಾರ್ವಜನಿಕರಿಗೆ ಒಳಿತಾಯಿತೆಂದು ತೋರಿಸಬೇಕು. ಈ ಎರಡನೆಯ ಬಾಗಿಲನ್ನು ಮುಚ್ಚಬೇಕು ಎಂಬುದೇ ಈ ಲೇಖನದ ವಾದ. ಅದು ಮುಚ್ಚುವವರೆಗೆ ಸುಧಾರಣೆಯ ಮಾತಾಡುವವರು ಹೇಗೆ ಬರೆಯಬೇಕು ಎಂಬುದನ್ನೂ ಜೊತೆಗೇ ಹೇಳಬೇಕಾಗಿದೆ. ಏಕೆಂದರೆ ನಮ್ಮಲ್ಲಿ ಬಹುಪಾಲು ಜನ ಸಿಕ್ಕಿಬೀಳುವುದು ಸುಳ್ಳು ಬರೆದು ಅಲ್ಲ, ನಿಜವನ್ನು ಒರಟಾಗಿ ಬರೆದು.

ಈ ದೇಶದಲ್ಲಿ ಧರ್ಮಗುರುವೊಬ್ಬರು ಪತ್ರಕರ್ತನ ಮೇಲೆ ಹೂಡಿದ ಅತಿ ಪ್ರಸಿದ್ಧ ಮಾನಹಾನಿ ದಾವೆ ನಡೆದದ್ದು ಮುಂಬಯಿಯಲ್ಲಿ, ನೂರ ಅರವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ. ಕರ್ಸನ್‌ದಾಸ್ ಮೂಲ್ಜಿ ಎಂಬ ಗುಜರಾತಿ ಯುವಕ 'ಸತ್ಯಪ್ರಕಾಶ' ಎಂಬ ವಾರಪತ್ರಿಕೆ ನಡೆಸುತ್ತಿದ್ದ. ತಾನು ಹುಟ್ಟಿ ಬೆಳೆದ ಪುಷ್ಟಿಮಾರ್ಗ ಸಂಪ್ರದಾಯದ ಕೆಲವು ಮಹಾರಾಜರು, ಅಂದರೆ ಗುರುಪೀಠದವರು, ಭಕ್ತರ ಮನೆಯ ಹೆಣ್ಣುಮಕ್ಕಳನ್ನು ದುರುಪಯೋಗಪಡಿಸಿಕೊಳ್ಳುತ್ತಿದ್ದಾರೆ ಎಂದು 1860ರ ಅಕ್ಟೋಬರ್ 21ರ ಸಂಚಿಕೆಯಲ್ಲಿ ಆತ ಬರೆದ. ಸೂರತ್‌ನಿಂದ ಮುಂಬಯಿಗೆ ಬಂದಿದ್ದ ಜದುನಾಥಜಿ ಮಹಾರಾಜರ ಹೆಸರನ್ನೇ ಎತ್ತಿ ಪ್ರಶ್ನಿಸಿದ. ಮರುವರ್ಷ ಮೇ ತಿಂಗಳಲ್ಲಿ ಮಹಾರಾಜರು ಬಾಂಬೆಯ ಸುಪ್ರೀಂ ಕೋರ್ಟಿನಲ್ಲಿ 50,000 ರೂಪಾಯಿ ಪರಿಹಾರ ಕೇಳಿ ದಾವೆ ಹೂಡಿದರು. ಆ ಕಾಲಕ್ಕೆ ಅದು ಎಣಿಸಲಾಗದ ಮೊತ್ತ. ಸಂಪಾದಕನ ಜೊತೆಗೆ ಮುದ್ರಕ ನಾನಾಭಾಯಿ ರುಸ್ತುಂಜಿ ರಾಣಿನಾರನ್ನೂ ಪ್ರತಿವಾದಿ ಮಾಡಿದರು.

ಆಗ ಆ ಸಮುದಾಯದ ಮುಖಂಡರು ಮಾಡಿದ ಕೆಲಸ ಇಂದಿಗೂ ನಮಗೆ ಅಪರಿಚಿತವಲ್ಲ. ಭಾಟಿಯಾ ಸಮುದಾಯದ ದೊಡ್ಡವರು ಸಭೆ ಸೇರಿ, ಮಹಾರಾಜರ ವಿರುದ್ಧ ಯಾರೂ ಸಾಕ್ಷಿ ಹೇಳಕೂಡದು, ಹೇಳಿದವರಿಗೆ ಬಹಿಷ್ಕಾರ ಎಂದು ಕಟ್ಟು ಮಾಡಿದರು. ಕರ್ಸನ್‌ದಾಸ್ ಹಿಂಜರಿಯಲಿಲ್ಲ. ಸಾಕ್ಷಿಗಳನ್ನು ತಡೆಯುವ ಒಳಸಂಚು ಎಂದು ಅವರ ಮೇಲೇ ಪ್ರಕರಣ ಹೂಡಿ, ಗೆದ್ದು, ಮುಖಂಡರಿಗೆ ದಂಡ ಬೀಳುವಂತೆ ಮಾಡಿದ. ಮೂಲ ದಾವೆಯ ವಿಚಾರಣೆ 1862ರ ಜನವರಿ 25ರಂದು ಶುರುವಾಯಿತು. ಬರೆದದ್ದು ನಿಜ ಎಂಬುದೇ ಆತನ ಮುಖ್ಯ ಪ್ರತಿವಾದ. ಅದನ್ನು ಸಾಬೀತು ಮಾಡುವ ಹೊರೆಯೂ ಆತನದೇ. ಮಹಾರಾಜರಿಗೆ ಚಿಕಿತ್ಸೆ ಮಾಡಿದ್ದ ವೈದ್ಯ ಭಾವು ದಾಜಿ ನ್ಯಾಯಾಲಯದಲ್ಲಿ ನಿಂತು ತಮಗೆ ಗೊತ್ತಿದ್ದದ್ದನ್ನು ಹೇಳಿದರು. ಸಂಪ್ರದಾಯದ ಗ್ರಂಥಗಳನ್ನು ಬಲ್ಲ ಪಾದ್ರಿ ಜಾನ್ ವಿಲ್ಸನ್ ಸಾಕ್ಷಿ ನುಡಿದರು. ಏಪ್ರಿಲ್ 22ರಂದು ತೀರ್ಪು ಬಂತು. ಇಂಥ ವಿಷಯವನ್ನು ಪತ್ರಿಕೆಯಲ್ಲಿ ಬರೆಯುವ ಹಕ್ಕು ಎಲ್ಲಿಯವರೆಗೆ ಎಂಬುದರಲ್ಲಿ ಇಬ್ಬರು ನ್ಯಾಯಾಧೀಶರಿಗೆ ಒಮ್ಮತವಿರಲಿಲ್ಲ. ಬರೆದದ್ದು ಸತ್ಯ ಎಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು. ನೀತಿಯಲ್ಲಿ ತಪ್ಪಾದದ್ದು ಧರ್ಮಶಾಸ್ತ್ರದಲ್ಲಿ ಸರಿಯಾಗಲಾರದು ಎಂಬುದೇ ಪ್ರತಿವಾದಿಯ ಹೋರಾಟದ ತಿರುಳು ಎಂದು ನ್ಯಾಯಾಧೀಶ ಜೋಸೆಫ್ ಆರ್ನೌಲ್ಡ್ ಬರೆದರು. ಕರ್ಸನ್‌ದಾಸನಿಗೆ 11,500 ರೂಪಾಯಿ ಖರ್ಚು ಕೊಡಬೇಕೆಂದು ಆದೇಶವಾಯಿತು. ಆತ ಕಳೆದುಕೊಂಡದ್ದು ಅದಕ್ಕಿಂತ ಹೆಚ್ಚು.

(ಈ ಪ್ರಕರಣದ ಕಥೆಯಿರುವ ಹಿಂದಿ ಚಿತ್ರವೊಂದರ ಬಿಡುಗಡೆಗೆ 2024ರ ಜೂನ್‌ನಲ್ಲಿ ಗುಜರಾತ್ ಹೈಕೋರ್ಟು ಕೆಲವು ದಿನ ತಡೆ ಕೊಟ್ಟು, ಆಮೇಲೆ ಚಿತ್ರ ನೋಡಿ ತೆರವು ಮಾಡಿತು. ಒಂದೂವರೆ ಶತಮಾನ ಕಳೆದರೂ ಕೆಲವರಿಗೆ ಆ ತೀರ್ಪು ಇನ್ನೂ ಜೀರ್ಣವಾಗಿಲ್ಲ.)

ಇಲ್ಲಿ ಗಮನಿಸಬೇಕಾದದ್ದು ಒಂದು ತಾರೀಖನ್ನು. ಭಾರತೀಯ ದಂಡ ಸಂಹಿತೆ ಜಾರಿಗೆ ಬಂದದ್ದು 1862ರ ಜನವರಿ 1ರಂದು, ಅಂದರೆ ಈ ವಿಚಾರಣೆ ಶುರುವಾಗುವ ಮೂರು ವಾರ ಮುಂಚೆ. ಕರ್ಸನ್‌ದಾಸ್ ಗೆದ್ದದ್ದು ಹಳೆಯ ಸಿವಿಲ್ ದಾವೆಯಲ್ಲಿ. ಅಲ್ಲಿ ಸತ್ಯವೇ ಪೂರ್ಣ ರಕ್ಷಣೆ. ಹೊಸ ಸಂಹಿತೆಯ 499ನೆಯ ಕಲಮಿನ ಮೊದಲ ವಿನಾಯಿತಿ ಬೇರೆ ಮಾತು ಹೇಳಿತು. ಆರೋಪ ಸತ್ಯವಾಗಿರಬೇಕು, ಅದನ್ನು ಪ್ರಕಟಿಸುವುದು ಸಾರ್ವಜನಿಕ ಹಿತಕ್ಕಾಗಿಯೂ ಇರಬೇಕು. ಹಿತ ಹೌದೋ ಅಲ್ಲವೋ ಎಂಬುದು ಆಯಾ ಪ್ರಕರಣದ ಸಾಕ್ಷ್ಯ ನೋಡಿ ತೀರ್ಮಾನಿಸುವ ವಿಷಯ. ಆ ಸಂಹಿತೆಯ ಮೂಲ ಕರಡನ್ನು 1837ರಲ್ಲಿ ಸಿದ್ಧಪಡಿಸಿದ ಮೆಕಾಲೆಯ ಆಯೋಗ ಈ ಷರತ್ತನ್ನು ಹಾಕಿರಲಿಲ್ಲ. ಸತ್ಯವಾದರೆ ಅಪರಾಧವಿಲ್ಲ ಎಂಬುದೇ ಅದರ ನಿಲುವಾಗಿತ್ತು. ಮೆಕಾಲೆಯ ಬಗ್ಗೆ ನಮಗಿರುವ ತಕರಾರುಗಳು ಸಾಕಷ್ಟು. ಆದರೆ ಈ ಒಂದು ವಿಷಯದಲ್ಲಿ ಸ್ವತಂತ್ರ ಭಾರತ ಆತನಿಗಿಂತ ಹಿಂದೆ ನಿಂತಿದೆ. 2024ರ ಜುಲೈ 1ರಿಂದ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ವಸಾಹತುಶಾಹಿಯ ಗುರುತುಗಳನ್ನು ಅಳಿಸಿದ್ದೇವೆ ಎಂದು ಹೇಳಿಕೊಂಡ ಈ ಕಾನೂನಿನ 356ನೆಯ ಕಲಮಿನಲ್ಲಿ ಹಳೆಯ 499 ಹೆಚ್ಚುಕಡಿಮೆ ಇದ್ದ ಹಾಗೆಯೇ ಕೂತಿದೆ. ಸಮುದಾಯ ಸೇವೆಯನ್ನೂ ಶಿಕ್ಷೆಯಾಗಿ ಕೊಡಬಹುದು ಎಂಬುದೊಂದೇ ಹೊಸದು.

ಈಗ ಎರಡೂ ಬಾಗಿಲುಗಳ ಒಳಗೆ ಏನಾಗುತ್ತದೆ ನೋಡೋಣ. ಸಿವಿಲ್ ದಾವೆ ಹೂಡುವವರು ಪ್ರಕಟಣೆಯಾದ ಒಂದು ವರ್ಷದೊಳಗೆ ಹೂಡಬೇಕು, ಕೇಳಿದ ಪರಿಹಾರದ ಮೊತ್ತಕ್ಕೆ ತಕ್ಕಂತೆ ಕೋರ್ಟು ಫೀ ಕಟ್ಟಬೇಕು. ಕೋಟಿ ರೂಪಾಯಿ ಮಾನ ಹೋಯಿತೆನ್ನುವವರು ಕೋಟಿಗೆ ತಕ್ಕ ಫೀ ಕಟ್ಟಲಿ ಎಂಬ ಈ ನಿಯಮ ಅನೇಕರ ಕೋಪವನ್ನು ತಣ್ಣಗೆ ಮಾಡಿದೆ. ಕ್ರಿಮಿನಲ್ ದೂರಿಗೆ ಅಂಥ ಫೀ ಇಲ್ಲ, ಅವಧಿ ಮೂರು ವರ್ಷ. ಪೊಲೀಸರು ಇದರಲ್ಲಿ ತಾವಾಗಿ ಎಫ್‌ಐಆರ್ ಮಾಡುವಂತಿಲ್ಲ. ಠಾಣೆಗೆ ಕರೆಸಿ ಗದರಿಸುವುದು ನಮ್ಮ ಕಡೆ ನಡೆಯುತ್ತದೆ, ಅದಕ್ಕೆ ಕಾನೂನಿನ ಬೆಂಬಲವಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 223ನೆಯ ಕಲಮಿನಂತೆ, ದೂರನ್ನು ಗಮನಕ್ಕೆ ತೆಗೆದುಕೊಳ್ಳುವ ಮೊದಲು ಎದುರು ಪಕ್ಷದವರ ಮಾತು ಕೇಳಲೇಬೇಕು. ಇದೊಂದು ಒಳ್ಳೆಯ ಬದಲಾವಣೆ, ನೋಟಿಸು ಬಂದವರು ಈ ಹಂತವನ್ನು ಕೈಬಿಡಬಾರದು. ಅಲ್ಲಿಂದ ಮುಂದೆ ಸಮನ್ಸು, ಜಾಮೀನು, ತಾರೀಖಿನ ಮೇಲೆ ತಾರೀಖು. ಬರೆದವನು ಬೀದರಿನಲ್ಲಿದ್ದು ಪತ್ರಿಕೆ ಚಾಮರಾಜನಗರದಲ್ಲಿ ಓದಲ್ಪಟ್ಟಿದ್ದರೆ ಅಲ್ಲಿಯೂ ದೂರು ಹಾಕಬಹುದು. 2019ರಲ್ಲಿ ಕೋಲಾರದಲ್ಲಿ ಮಾಡಿದ ಒಂದು ಚುನಾವಣಾ ಭಾಷಣಕ್ಕೆ ರಾಹುಲ್ ಗಾಂಧಿಯವರು ವಿಚಾರಣೆ ಎದುರಿಸಿದ್ದು ಸೂರತ್‌ನಲ್ಲಿ, ಅಲ್ಲವೇ? ಮುದ್ರಕನನ್ನೂ ಮಾರುವವನನ್ನೂ ಇದೇ 356ನೆಯ ಕಲಮು ಬಿಡುವುದಿಲ್ಲ. ಹತ್ತು ವರ್ಷ ಅಲೆದು ಖುಲಾಸೆಯಾದರೂ ಆ ಹತ್ತು ವರ್ಷವನ್ನು ಯಾರೂ ಹಿಂದಿರುಗಿಸುವುದಿಲ್ಲ.

ಇನ್ನು ನಾವು ಬರೆಯುವ ರೀತಿಗೆ ಬರೋಣ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಿ. ಒಂದು ಟ್ರಸ್ಟಿನ ಪ್ರಸಾದ ನಿಲಯದಲ್ಲಿ 60 ಮಕ್ಕಳಿದ್ದಾರೆ. ಒಂದು ವರ್ಷದ ಲೆಕ್ಕಪತ್ರದಲ್ಲಿ ಅಕ್ಕಿಗೆ 18 ಲಕ್ಷ ರೂಪಾಯಿ ಖರ್ಚು ತೋರಿಸಿದೆ. ಭಕ್ತರೊಬ್ಬರು ಹೀಗೆ ಬರೆಯುತ್ತಾರೆ: "ಲೆಕ್ಕಪತ್ರದ ಪ್ರಕಾರ ಅಕ್ಕಿಗೆ 18 ಲಕ್ಷ. ಮಗುವಿಗೆ ದಿನಕ್ಕೆ 400 ಗ್ರಾಂ ಎಂದರೂ 60 ಮಕ್ಕಳಿಗೆ 300 ದಿನಕ್ಕೆ 7,200 ಕಿಲೋ. ಕಿಲೋಗೆ 50 ರೂಪಾಯಿಯಂತೆ 3 ಲಕ್ಷ 60 ಸಾವಿರ. ಖರೀದಿ ನಡೆದದ್ದು ಕಾರ್ಯದರ್ಶಿಗಳ ಅಳಿಯನ ಅಂಗಡಿಯಲ್ಲಿ. ಭಕ್ತರ ಹಣವನ್ನು ಹೀಗೆ ನೋಡಿಕೊಳ್ಳುವವರು ಆ ಸ್ಥಾನಕ್ಕೆ ಯೋಗ್ಯರಲ್ಲ. ಕಾರ್ಯದರ್ಶಿ ಕಳ್ಳ."

ಇದರಲ್ಲಿ ಮೂರು ಜಾತಿಯ ವಾಕ್ಯಗಳಿವೆ. ಲೆಕ್ಕದ ಅಂಕಿ ಮತ್ತು ಅಂಗಡಿಯ ಮಾತು ಸಂಗತಿಗಳು. ಇವುಗಳಿಗೆ ಒಂದೇ ರಕ್ಷಣೆ ಸತ್ಯ, ಕೈಯಲ್ಲಿ ಲೆಕ್ಕಪತ್ರದ ಪ್ರತಿ, ಬಿಲ್ಲಿನ ಪ್ರತಿ ಇರಬೇಕು. "ಯೋಗ್ಯರಲ್ಲ" ಎಂಬುದು ಅಭಿಪ್ರಾಯ. ಇದಕ್ಕೆ ನ್ಯಾಯಯುತ ಟೀಕೆ ಎಂಬ ರಕ್ಷಣೆ ಇದೆ. ಟೀಕೆ ನ್ಯಾಯಯುತ ಎನಿಸಲು ಅದು ಮೃದುವಾಗಿರಬೇಕಿಲ್ಲ, ಎಲ್ಲರೂ ಒಪ್ಪಬೇಕಿಲ್ಲ. ಅದು ಅಭಿಪ್ರಾಯ ಎಂದು ಓದುಗನಿಗೆ ತಿಳಿಯಬೇಕು, ಯಾವ ಸಂಗತಿಯ ಮೇಲೆ ನಿಂತಿದೆಯೋ ಅದು ನಿಜವಿರಬೇಕು, ವಿಷಯ ಸಾರ್ವಜನಿಕರಿಗೆ ಸಂಬಂಧಿಸಿರಬೇಕು, ಬರೆದವನಲ್ಲಿ ದ್ವೇಷವಿರಬಾರದು. ಭಕ್ತರ ಕಾಣಿಕೆಯಿಂದ ನಡೆಯುವ ಸಂಸ್ಥೆಯ ಲೆಕ್ಕ ಸಾರ್ವಜನಿಕ ವಿಷಯವೇ. ಸ್ವಾಮಿಗಳ ಅಥವಾ ಕಾರ್ಯದರ್ಶಿಗಳ ಮನೆಯ ಒಳಗಿನ ಸಂಗತಿ, ಅದು ಸಂಸ್ಥೆಯ ಕೆಲಸಕ್ಕೆ ತಾಗದಿದ್ದರೆ, ಅಲ್ಲ.

ಕೊನೆಯ ಎರಡು ಪದ ಇಡೀ ಲೇಖನವನ್ನು ಮುಳುಗಿಸುತ್ತವೆ. "ಕಳ್ಳ" ಎಂಬುದು ಬೈಗುಳದಂತೆ ಕೇಳಿಸಿದರೂ ಅಲ್ಲಿ ಅದು ಸಂಗತಿಯ ಆರೋಪ. ಕಾರ್ಯದರ್ಶಿ ಅಪ್ರಾಮಾಣಿಕ ಉದ್ದೇಶದಿಂದ ಹಣ ಹೊಡೆದರು ಎಂದು ಸಾಬೀತು ಮಾಡಬೇಕಾಗುತ್ತದೆ. ಕೈಯಲ್ಲಿರುವ ಕಾಗದ ಅಷ್ಟನ್ನು ಹೇಳುವುದಿಲ್ಲ. ಹಣ ಹೆಚ್ಚು ಖರ್ಚಾಗಿದೆ ಎಂದಷ್ಟೇ ಹೇಳುತ್ತದೆ. ಇನ್ನೂ ಒಂದು ಅಪಾಯವಿದೆ. ಲೆಕ್ಕಪತ್ರದ ಆ ಸಾಲಿನಲ್ಲಿ "ಅಕ್ಕಿ ಮತ್ತು ಇತರ ದಿನಸಿ" ಎಂದಿದ್ದು, ಬರೆದವರು "ಅಕ್ಕಿ"ಯನ್ನಷ್ಟೇ ಎತ್ತಿಕೊಂಡಿದ್ದರೆ ಏನಾಗುತ್ತದೆ? ಬೇಳೆ, ಎಣ್ಣೆ, ಬೆಲ್ಲ, ಗ್ಯಾಸು ಎಲ್ಲ ಸೇರಿ 18 ಲಕ್ಷ ಆಗಿರಬಹುದು. ಸಂಗತಿ ಬಿದ್ದೊಡನೆ ಅದರ ಮೇಲೆ ಕಟ್ಟಿದ "ಯೋಗ್ಯರಲ್ಲ" ಎಂಬ ಟೀಕೆಯೂ ಬೀಳುತ್ತದೆ. ಅಡಿಪಾಯವಿಲ್ಲದ ಟೀಕೆಗೆ ಕಾನೂನಿನ ಆಸರೆ ಇಲ್ಲ. "ಎಂದು ಊರಿನ ಜನ ಮಾತಾಡಿಕೊಳ್ಳುತ್ತಾರೆ" ಎಂದು ಸೇರಿಸಿದರೂ ಉಳಿಗಾಲವಿಲ್ಲ. ಅಂತೆಕಂತೆಯನ್ನು ಪುನಃ ಹೇಳಿದವನು ಅದನ್ನು ತಾನೇ ಹೇಳಿದಂತೆ. ಜನ ಹಾಗೆ ಮಾತಾಡಿದರು ಎಂಬುದನ್ನಲ್ಲ, ಮಾತಿನ ಒಳಗಿನ ವಿಷಯವನ್ನೇ ಸಾಬೀತು ಮಾಡಬೇಕು.

ದ್ವೇಷದ ವಿಷಯದಲ್ಲಿ ಎರಡೂ ರಕ್ಷಣೆಗಳು ಬೇರೆಯಾಗುತ್ತವೆ. ಆ ಭಕ್ತರು ಹಿಂದಿನ ವರ್ಷ ಟ್ರಸ್ಟಿನ ಚುನಾವಣೆಯಲ್ಲಿ ಸೋತಿದ್ದರು, ಆ ಸಿಟ್ಟಿಗೆ ಬರೆದರು ಎಂದು ಸಾಬೀತಾದರೆ ನ್ಯಾಯಯುತ ಟೀಕೆಯ ರಕ್ಷಣೆ ಹೋಗುತ್ತದೆ. ಸಂಗತಿಗಳು ನಿಜವಾಗಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಸತ್ಯದ ರಕ್ಷಣೆ ಮಾತ್ರ ಸಿಟ್ಟಿನಿಂದ ಹೋಗುವುದಿಲ್ಲ. ಹಗೆಯವನು ಹೇಳಿದರೂ ಸತ್ಯ ಸತ್ಯವೇ ಎಂಬುದು ಆ ಕಾನೂನಿನ ವಿವೇಕ.

ಕ್ರಿಮಿನಲ್ ಕಾನೂನಿನಲ್ಲಿ ಸತ್ಯ ಪೂರ್ತಿ ಸಾಬೀತಾಗದಿದ್ದಾಗಲೂ ಉಳಿಯುವ ಒಂದು ಆಸರೆ ಇದೆ. ಅದು ಒಂಬತ್ತನೆಯ ವಿನಾಯಿತಿ. ಸಾರ್ವಜನಿಕ ಹಿತಕ್ಕಾಗಿ ಸದ್ಭಾವನೆಯಿಂದ ಮಾಡಿದ ಆರೋಪ ಅಪರಾಧವಲ್ಲ. 1957ರಲ್ಲಿ ಪಂಜಾಬಿನ ಹರ್ಭಜನ್ ಸಿಂಗ್ ಎಂಬ ರಾಜಕೀಯ ಕಾರ್ಯಕರ್ತ ಅಂದಿನ ಮುಖ್ಯಮಂತ್ರಿಯ ಮಗ ಕಳ್ಳಸಾಗಣೆಗಾರರ ನಾಯಕ ಎಂದು ಪತ್ರಿಕಾ ಹೇಳಿಕೆ ಕೊಟ್ಟರು. ಶಿಕ್ಷೆಯಾಯಿತು. ಆರೋಪವನ್ನು ಆರೋಪಿಯೇ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿತ್ತು ಎಂಬ ಧಾಟಿಯಲ್ಲಿ ಹೈಕೋರ್ಟು ನಡೆಯಿತು. ಸುಪ್ರೀಂ ಕೋರ್ಟು 1965ರಲ್ಲಿ ಅದನ್ನು ತಿದ್ದಿತು. ವಿನಾಯಿತಿ ಕೇಳುವ ಆರೋಪಿ ತನ್ನ ಮಾತು ಹೆಚ್ಚು ಸಂಭವನೀಯ ಎಂದು ತೋರಿಸಿದರೆ ಸಾಕು, ಸದ್ಭಾವನೆ ಎಂದರೆ ತಕ್ಕ ಎಚ್ಚರ ಮತ್ತು ಗಮನ ವಹಿಸಿದ್ದು, ಮಾತು ಅಕ್ಷರಶಃ ಸತ್ಯವಾಗಿರಲೇಬೇಕೆಂದಿಲ್ಲ ಎಂದಿತು. ಅವರು ಖುಲಾಸೆಯಾದರು. ನಮ್ಮ ಭಕ್ತರು ಬರೆಯುವ ಮೊದಲು ಟ್ರಸ್ಟಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ವಿವರಣೆ ಕೇಳಿ, ಬಂದ ಉತ್ತರವನ್ನು ಲೇಖನದಲ್ಲಿ ಸೇರಿಸಿ, ಉತ್ತರ ಬರದಿದ್ದರೆ ಬರಲಿಲ್ಲ ಎಂದೂ ಬರೆದಿದ್ದರೆ, ಆ ಅಂಚೆ ರಸೀದಿಯೇ ಮುಂದೆ ಅವರ ಎಚ್ಚರಕ್ಕೆ ಸಾಕ್ಷಿ. "ಅಕ್ಕಿ ಮತ್ತು ದಿನಸಿ"ಯ ತಪ್ಪೂ ಆಗಲೇ ಹೊರಬೀಳುತ್ತಿತ್ತು.

ಹರ್ಭಜನ್ ಸಿಂಗರು ಗೆದ್ದರಲ್ಲ, ಮತ್ತೇಕೆ ಈ ಕಾನೂನು ಹೋಗಬೇಕು ಎಂದು ಕೇಳಬಹುದು. ಗೆಲ್ಲಲು ಎಂಟು ವರ್ಷ ಹಿಡಿಯಿತು, ದೆಹಲಿಯವರೆಗೆ ಹೋಗಬೇಕಾಯಿತು ಎಂಬುದೇ ಉತ್ತರ. ಒಂದು ಪಕ್ಷದ ಮುಖಂಡನಿಗೆ ಅದು ಸಾಧ್ಯ. ತಾಲ್ಲೂಕಿನ ಶಾಲಾ ಶಿಕ್ಷಕನಿಗೆ ಸಾಧ್ಯವೇ? ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ 2016ರ ಮೇ 13ರಂದು ಸುಪ್ರೀಂ ಕೋರ್ಟು ಈ ಅಪರಾಧವನ್ನು ಎತ್ತಿಹಿಡಿಯಿತು. ಗೌರವ ಎಂಬುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಕಾನೂನು ಆಯೋಗವೂ 2024ರ ಫೆಬ್ರವರಿಯ ತನ್ನ 285ನೆಯ ವರದಿಯಲ್ಲಿ ಇದನ್ನು ಉಳಿಸಬೇಕೆಂದಿತು. ಗೌರವ ದೊಡ್ಡದು ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ದೊಡ್ಡದನ್ನು ಕಾಯಲು ಜೈಲೇ ಬೇಕೆಂದು ಆ ಮಾತಿನಿಂದ ಹೇಗೆ ಸಿದ್ಧವಾಗುತ್ತದೆ? ಈ ಕಾನೂನನ್ನು ನಮಗೆ ಬಿಟ್ಟುಹೋದ ಇಂಗ್ಲೆಂಡ್ 2009ರ ಕಾಯ್ದೆಯಿಂದ ತನ್ನಲ್ಲಿ ಇದನ್ನು ತೆಗೆದುಹಾಕಿತು, ಪಕ್ಕದ ಶ್ರೀಲಂಕಾ 2002ರಲ್ಲೇ ತೆಗೆಯಿತು. ಅಲ್ಲಿ ಯಾರ ಗೌರವವೂ ಬೀದಿಪಾಲಾಗಿಲ್ಲ, ಸಿವಿಲ್ ದಾವೆಗಳು ನಡೆಯುತ್ತಲೇ ಇವೆ.

ಇದಕ್ಕೆ ಎದುರಾಗಿ ಒಂದು ಗಟ್ಟಿ ವಾದವಿದೆ, ಅದನ್ನು ತಳ್ಳಿಹಾಕಲಾಗದು. ಬಡವಳೊಬ್ಬಳ ಶೀಲದ ಮೇಲೆ ಊರಿನ ಬಲಾಢ್ಯ ಸುಳ್ಳು ಹಬ್ಬಿಸಿದರೆ ಅವಳು ಕೋರ್ಟು ಫೀ ಎಲ್ಲಿಂದ ಕಟ್ಟುತ್ತಾಳೆ? ಅವಳಿಗೆ ಕ್ರಿಮಿನಲ್ ದೂರೇ ಗತಿಯಲ್ಲವೇ? ಆದರೆ ಆ ದೂರನ್ನೂ ಅವಳೇ ವಕೀಲರನ್ನಿಟ್ಟು, ಸಾಕ್ಷಿ ತಂದು, ತಾರೀಖಿಗೆ ಅಲೆದು ನಡೆಸಬೇಕು. ಸರ್ಕಾರ ಅವಳ ಪರ ನಡೆಸುವುದಿಲ್ಲ. ಬಲಾಢ್ಯನಿಗೆ ಆ ಅಲೆದಾಟ ಗುಮಾಸ್ತನ ಕೆಲಸ, ಅವಳಿಗೆ ಕೂಲಿಯ ನಷ್ಟ. ಅವಳಿಗೆ ಬೇಕಾದದ್ದು ಮಾನಹಾನಿ ದಾವೆಯಲ್ಲಿ ಬಡವರಿಗೆ ಫೀ ವಿನಾಯಿತಿ, ಸುಳ್ಳನ್ನು ಬೇಗ ತಿದ್ದಿಸುವ ಆದೇಶ. ಅವಳ ಹೆಸರು ಹೇಳಿ ಉಳಿಸಿಕೊಂಡಿರುವ ಕಲಮು ಬಳಕೆಯಾಗುವುದು ಅವಳಂಥವರ ಬಾಯಿ ಮುಚ್ಚಿಸುವುದಕ್ಕೆ.

ಸುಧಾರಣೆಯ ಮಾತಾಡುವ ನಮ್ಮವರಿಗೂ ಒಂದು ಮಾತು. ವೇದಿಕೆಯಲ್ಲಿ ಪುರೋಹಿತಶಾಹಿಯನ್ನು ಪ್ರಶ್ನಿಸುವವರು, ತಮ್ಮ ಸಂಸ್ಥೆಯ ಬಗ್ಗೆ ಕರಪತ್ರ ಬಂದೊಡನೆ 356ಕ್ಕೆ ಕೈಹಾಕುತ್ತಾರೆ. ಕರಪತ್ರ ಸುಳ್ಳಾದರೆ ಒಂದು ವರ್ಷದೊಳಗೆ ಫೀ ಕಟ್ಟಿ ಸಿವಿಲ್ ದಾವೆ ಹೂಡಲಿ, ಸಾಕ್ಷಿಕಟ್ಟೆ ಹತ್ತಿ ಪಾಟೀಸವಾಲಿಗೆ ಉತ್ತರಿಸಲಿ. ಜದುನಾಥಜಿ ಮಹಾರಾಜರೂ ಅಷ್ಟನ್ನು ಮಾಡಿದ್ದರು. ಸಂಸತ್ತು ಈ ಅಪರಾಧವನ್ನು ಪೂರ್ತಿ ತೆಗೆಯುವ ದಿನ ದೂರವಿರಬಹುದು. ಅಲ್ಲಿಯವರೆಗೆ ಮೊದಲ ವಿನಾಯಿತಿಯಿಂದ ಸಾರ್ವಜನಿಕ ಹಿತದ ಷರತ್ತನ್ನಾದರೂ ಕಿತ್ತುಹಾಕಬೇಕೆಂದು ನಮ್ಮ ಸಮಾವೇಶಗಳು ಠರಾವು ಮಾಡಲಿ, ನಮ್ಮ ಸಂಸದರಿಗೆ ಅದನ್ನು ಬರಹದಲ್ಲಿ ಕೊಡಲಿ. ಠರಾವು ಓದುವ ಮುನ್ನ, ತಮ್ಮ ಟ್ರಸ್ಟು ಯಾರ ಮೇಲಾದರೂ ಹೂಡಿರುವ ಕ್ರಿಮಿನಲ್ ದೂರಿದ್ದರೆ ಅದನ್ನು ಹಿಂಪಡೆದು ಬರಲಿ. ಮಾನಹಾನಿಯ ಖಾಸಗಿ ದೂರಿನಲ್ಲಿ ರಾಜಿಗೆ ಅವಕಾಶವಿದೆ.